ಇಸ್ಪೀಟ್ ಎಲೆಯ ಮನೆ: ಗುಡಾರ ಕಟ್ಟಬೇಕೋ, ಚೌಕ ಕಟ್ಟಬೇಕೋ?

ಎಲೆಯ ಮನೆ ಕಟ್ಟೋಕೆ ಕೂತವರು ಸಾಮಾನ್ಯವಾಗಿ ಮೊದಲು ಎಲೆ ಕೈಗೆ ತಗೊಳ್ಳುತ್ತಾರೆ, ಎರಡನ್ನು ಒರಗಿಸುತ್ತಾರೆ, ಬಿದ್ದ ಮೇಲೆ ಕೈ ನಡುಗಿತು ಅಂತಾರೆ. ಎಷ್ಟೋ ಸಲ ಕೈಯದು ತಪ್ಪೇ ಇರಲ್ಲ. ಗಾಜಿನ ಟೀಪಾಯಿ ಮೇಲೆ ಗುಡಾರ ಕಟ್ಟಿದರೆ ಯಾರ ಕೈಯಲ್ಲಾದರೂ ಜಾರುತ್ತದೆ. ಅದೇ ಟೀಪಾಯಿ ಮೇಲೆ ಚೌಕ ಕಟ್ಟಿದರೆ ಎಂಟು ವರ್ಷದ ಮಗು ಕೂಡ ಮೂರು ಅಂತಸ್ತು ಏರಿಸಬಹುದು. ಹಾಗಾಗಿ ಬುಡ ಯಾವುದಿರಬೇಕು ಅನ್ನೋದನ್ನು ಮೇಜು ನೋಡಿ ತೀರ್ಮಾನಿಸಿ.

ಎರಡು ಬುಡಗಳು

ಗುಡಾರ ಎಲ್ಲರಿಗೂ ಗೊತ್ತಿರುವುದೇ. ಎರಡು ಎಲೆಗಳನ್ನು ಗಿಡ್ಡ ಅಂಚಿನ ಮೇಲೆ ನಿಲ್ಲಿಸಿ, ನೆತ್ತಿ ತಾಗುವಂತೆ ಒಂದಕ್ಕೊಂದು ಒರಗಿಸುವುದು. ಅಂಥವನ್ನು ಸಾಲಾಗಿ ಇಟ್ಟು, ನೆತ್ತಿಯಿಂದ ನೆತ್ತಿಗೆ ಒಂದು ಎಲೆ ಮಲಗಿಸಿ, ಅದರ ಮೇಲೆ ಮತ್ತೆ ಗುಡಾರ. ಪ್ರತಿ ಅಂತಸ್ತಿಗೂ ಒಂದೊಂದು ಗುಡಾರ ಕಡಿಮೆಯಾಗುತ್ತಾ ಗೋಪುರವಾಗುತ್ತದೆ. ಮೂರು ಅಂತಸ್ತಿಗೆ 15 ಎಲೆ, ನಾಲ್ಕಕ್ಕೆ 26, ಐದಕ್ಕೆ 40 ಬೇಕು. ಆರಕ್ಕೆ 57 ಬೇಕು. ಜೋಕರ್ ಎರಡೂ ಸೇರಿಸಿದರೂ ಒಂದು ಪ್ಯಾಕಿನಲ್ಲಿ 54 ಎಲೆ ತಾನೇ ಇರೋದು? ಅಲ್ಲಿಗೆ ಒಂದು ಪ್ಯಾಕಿಗೆ ಐದೇ ಅಂತಸ್ತು.

ಚೌಕ ಅಂದರೆ ನಾಲ್ಕು ಎಲೆಗಳನ್ನು ಉದ್ದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಮಾಡುವ ಕೋಣೆ. ಇಲ್ಲಿ ಮೂಲೆಗೆ ಮೂಲೆ ಸೇರಿಸಬಾರದು. ಒಂದು ಎಲೆಯ ಅಂಚು ಮುಂದಿನ ಎಲೆಯ ಮುಖಕ್ಕೆ ತಾಗಬೇಕು, ಅದರ ಅಂಚು ಮೂರನೆಯದರ ಮುಖಕ್ಕೆ, ಹೀಗೆ ಸುತ್ತಿ ಬಂದು ನಾಲ್ಕನೆಯದು ಮೊದಲನೆಯದಕ್ಕೆ. ಮೇಲಿಂದ ನೋಡಿದರೆ ಮಕ್ಕಳ ಗಾಳಿಗಿರಿಗಿಟ್ಲೆ ಥರ ಕಾಣುತ್ತದೆ. ಪ್ರತಿ ಎಲೆಯ ಒಂದು ತುದಿ ಮೂರರಿಂದ ನಾಲ್ಕು ಸೆಂ.ಮೀ. ಹೊರಗೆ ಚಾಚಿರುತ್ತದೆ, ಒಳಗಿನ ಕೋಣೆ ಸುಮಾರು ಐದು ಸೆಂ.ಮೀ. ಚದರ ಉಳಿಯುತ್ತದೆ. ಮೇಲೆ ಎರಡು ಎಲೆ ಪಕ್ಕಪಕ್ಕ ಮಲಗಿಸಿದರೆ ಚಾವಣಿ. ಒಂದು ಅಂತಸ್ತಿಗೆ ಆರು ಎಲೆ ಲೆಕ್ಕದಲ್ಲಿ 52 ಎಲೆಗೆ ಎಂಟು ಅಂತಸ್ತು ಬಂದು ನಾಲ್ಕು ಎಲೆ ಉಳಿಯುತ್ತವೆ.

ಎತ್ತರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ ಪೋಕರ್ ಅಳತೆಯ ಎಲೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಐದು ಅಂತಸ್ತಿನ ಗುಡಾರ ಸುಮಾರು 42 ಸೆಂ.ಮೀ. ಏರುತ್ತದೆ, ಎಂಟು ಅಂತಸ್ತಿನ ಚೌಕ 50 ಸೆಂ.ಮೀ. ಎತ್ತರದಲ್ಲಿ ಚೌಕವೇ ಮುಂದು. ಆದರೆ ನೋಡಲು ಗುಡಾರವೇ ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಗುಡಾರ ಯಾಕೆ ಜಾರುತ್ತದೆ

ಒರಗಿ ನಿಂತ ಎಲೆಯ ಪಾದ ಯಾವಾಗಲೂ ಹೊರಕ್ಕೆ ಜಾರಲು ನೋಡುತ್ತಿರುತ್ತದೆ. ಅದನ್ನು ತಡೆಯುವುದು ಪಾದಕ್ಕೂ ಮೇಜಿಗೂ ಇರುವ ಘರ್ಷಣೆ ಮಾತ್ರ. ಪಾದಗಳ ನಡುವಿನ ಅಂತರ ಜಾಸ್ತಿಯಾದಷ್ಟೂ ಈ ತಳ್ಳುವಿಕೆ ಜಾಸ್ತಿ. ಚೌಕದಲ್ಲಿ ಎಲೆಗಳು ನೆಟ್ಟಗಿರುವುದರಿಂದ ಭಾರ ಸೀದಾ ಕೆಳಗಿಳಿಯುತ್ತದೆ, ಹೊರಕ್ಕೆ ತಳ್ಳುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡು ಬುಡಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಗುಡಾರದ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಮೇಲೆ ಏನೂ ಇಲ್ಲದಾಗ ಗುಡಾರ ಗಟ್ಟಿಯಾಗಿ ನಿಂತಿರುತ್ತದೆ, ಮೂರನೇ ಅಂತಸ್ತು ಇಡುವಾಗ ಕೆಳಗಿನದು ಜಾರುತ್ತದೆ. ಭಾರ ಬಿದ್ದರೆ ಪಾದ ಇನ್ನೂ ಗಟ್ಟಿಯಾಗಿ ಊರಿಕೊಳ್ಳಬೇಕಲ್ವಾ? ಊರಿಕೊಳ್ಳುತ್ತದೆ ನಿಜ. ಆದರೆ ತಳ್ಳುವಿಕೆ ಅದಕ್ಕಿಂತ ಬೇಗ ಏರುತ್ತದೆ. ಎಲೆಯ ಸ್ವಂತ ತೂಕ ಎಲೆಯ ನಡುಮಧ್ಯದಲ್ಲಿ ಇರುತ್ತದೆ, ಹಾಗಾಗಿ ಅದರ ಅರ್ಧ ಪಾಲು ಮಾತ್ರ ನೆತ್ತಿಯಲ್ಲಿದ್ದಂತೆ ಕೆಲಸ ಮಾಡಿ ಪಾದವನ್ನು ತಳ್ಳುತ್ತದೆ. ನೆತ್ತಿಯ ಮೇಲಿಟ್ಟ ಭಾರ ಪೂರ್ತಿ ತಳ್ಳುತ್ತದೆ. ಅಂತಸ್ತು ಏರಿದಂತೆ ಬೇಕಾಗುವ ಹಿಡಿತ ಖಾಲಿ ಗುಡಾರಕ್ಕೆ ಬೇಕಾದ್ದರ ಎರಡರಷ್ಟರ ಹತ್ತಿರ ಹೋಗುತ್ತದೆ. ಎರಡರಷ್ಟನ್ನು ದಾಟುವುದಿಲ್ಲ ಅನ್ನೋದು ನಮ್ಮ ಪುಣ್ಯ.

ಇದರಿಂದ ಒಂದು ಸುಲಭದ ಪರೀಕ್ಷೆ ಮಾಡಿಕೊಳ್ಳಬಹುದು. ಕಟ್ಟಬೇಕೆಂದಿರುವ ಜಾಗದಲ್ಲೇ, ಕಟ್ಟಬೇಕೆಂದಿರುವ ಎಲೆಗಳಲ್ಲೇ ಒಂದು ಖಾಲಿ ಗುಡಾರ ನಿಲ್ಲಿಸಿ. ಪಾದಗಳ ಅಂತರವನ್ನು ಅಳತೆಪಟ್ಟಿ ಇಟ್ಟು ನೋಡಿ. ತೆಗೆದು, ಒಂದು ಸೆಂ.ಮೀ. ಹೆಚ್ಚಿಸಿ ಮತ್ತೆ ನಿಲ್ಲಿಸಿ. ಕೈ ಬಿಟ್ಟ ಕೂಡಲೇ ಪಾದ ಜಾರಿ ಮಲಗುವ ಅಂತರ ಸಿಗುವವರೆಗೂ ಹೀಗೇ ಮಾಡಿ. ಮೂರ್ನಾಲ್ಕು ಸಲ ನೋಡಿ, ಬಂದದ್ದರಲ್ಲಿ ಕಡಿಮೆಯದನ್ನು ಇಟ್ಟುಕೊಳ್ಳಿ. ನಿಮ್ಮ ಮನೆಯ ಗುಡಾರದ ಅಂತರ ಅದರ ಅರ್ಧ ಇರಲಿ.

ಉದಾಹರಣೆಗೆ, ಮರದ ಮೇಜಿನ ಮೇಲೆ ಖಾಲಿ ಗುಡಾರ 9 ಸೆಂ.ಮೀ.ನಲ್ಲಿ ಜಾರಿತು ಅಂದುಕೊಳ್ಳಿ. ಅರ್ಧ ಅಂದರೆ ನಾಲ್ಕೂವರೆ. ಕೋನದ ಲೆಕ್ಕ ಸರಿಯಾಗಿ ಹಾಕಿದರೆ 5ರ ತನಕ ಹೋಗಬಹುದು, ಅರ್ಧ ಅನ್ನೋದು ಸ್ವಲ್ಪ ಹುಷಾರಿನ ಕಡೆಗೇ ಇದೆ. 5 ಸೆಂ.ಮೀ. ಅಂತರ ಚಾವಣಿಗೂ ಹೇಳಿ ಮಾಡಿಸಿದ ಹಾಗಿದೆ. ನೆತ್ತಿಯಿಂದ ನೆತ್ತಿಗೆ 5 ಸೆಂ.ಮೀ., ಮಲಗಿಸುವ ಎಲೆ 8.8 ಸೆಂ.ಮೀ. ಹಾಗಾಗಿ ಪಕ್ಕದ ಚಾವಣಿ ಎಲೆಗಳು ಒಂದರ ಮೇಲೊಂದು ಸುಮಾರು 4 ಸೆಂ.ಮೀ. ಹತ್ತಿ ಕೂರುತ್ತವೆ. ಆ ಹತ್ತಿದ ಭಾಗದ ನಡುವಿಗೆ ಸರಿಯಾಗಿ ಕೆಳಗಿನ ನೆತ್ತಿ ಬರುತ್ತದೆ, ಮೇಲಿನ ಪಾದಗಳೂ ಅಲ್ಲೇ ಬರುತ್ತವೆ. ಎಲೆಯ ಅಂಚಿನ ಮೆಟ್ಟಿಲು ಪಾದದಿಂದ ಸುಮಾರು ಎರಡು ಸೆಂ.ಮೀ. ದೂರ ಉಳಿಯುತ್ತದೆ, ಯಾರಿಗೂ ತೊಂದರೆ ಕೊಡಲ್ಲ.

ಈಗ ಗಾಜಿನ ಮೇಲೆ ಅದೇ ಗುಡಾರ 6 ಸೆಂ.ಮೀ.ಗೇ ಜಾರಿತು ಅನ್ನಿ. ಅರ್ಧ ಅಂದರೆ 3. ಗುಡಾರ ಕೋಲು ನಿಲ್ಲಿಸಿದ ಹಾಗೆ ಕಡಿದಾಗುತ್ತದೆ, ಮುಂದಕ್ಕೋ ಹಿಂದಕ್ಕೋ ವಾಲಲು ಕಾಯುತ್ತಿರುತ್ತದೆ. ಚಾವಣಿ ಎಲೆಗಳು ಕೆಲವು ಕಡೆ ಮೂರು ಪದರ ಬಿದ್ದು ನೆಲ ಏರುಪೇರಾಗುತ್ತದೆ. ನನ್ನ ಮಟ್ಟಿಗೆ ಅರ್ಧ ಮಾಡಿದ ಅಂತರ 4 ಸೆಂ.ಮೀ.ಗಿಂತ ಕೆಳಗೆ ಬಂದರೆ ಅಲ್ಲಿ ಗುಡಾರದ ಆಸೆ ಬಿಡಬೇಕು. ಚೌಕ ಕಟ್ಟಬೇಕು, ಇಲ್ಲವೇ ನೆಲ ಬದಲಿಸಬೇಕು.

ಪಕ್ಕಪಕ್ಕದ ಗುಡಾರಗಳ ಪಾದಗಳನ್ನು ಒಂದಕ್ಕೊಂದು ತಾಗಿಸಿ ಇಡಿ. ಎಡದ ಗುಡಾರದ ಬಲ ಪಾದ, ಬಲದ ಗುಡಾರದ ಎಡ ಪಾದ ಎದುರು ಬದುರು ತಳ್ಳಿಕೊಂಡು ಒಂದನ್ನೊಂದು ತಡೆಯುತ್ತವೆ. ಆಗ ಮೇಜಿನ ಹಿಡಿತವನ್ನೇ ನಂಬಿರುವುದು ಸಾಲಿನ ಎರಡು ತುದಿಯ ಪಾದಗಳು ಮಾತ್ರ. ನಡುವೆ ಅರ್ಧ ಸೆಂ.ಮೀ. ಸಂದು ಬಿಟ್ಟರೂ ಈ ಲಾಭ ಹೋಯಿತು.

ಮೇಜಿನಿಂದ ಮೇಜಿಗೆ

ಗಾಜು ಮತ್ತು ಪಾಲಿಶ್ ಮಾಡಿದ ಗ್ರಾನೈಟ್ ಎರಡೂ ನುಣುಪು. ಗ್ರಾನೈಟ್ ಅಲುಗಾಡದ ಗಟ್ಟಿ ನೆಲ ಅನ್ನೋದು ಚೌಕಕ್ಕೆ ದೊಡ್ಡ ವರ. ಅಡುಗೆಮನೆ ಕಟ್ಟೆಯಾದರೆ ಪಕ್ಕದಲ್ಲಿ ಮಿಕ್ಸಿ ಓಡದಿದ್ದರೆ ಸಾಕು. ಅಡುಗೆಮನೆಯ ಗ್ರಾನೈಟ್ ಮೇಲೆ ಎಣ್ಣೆ ಜಿಡ್ಡಿನ ತೆಳು ಪದರ ಇದ್ದೇ ಇರುತ್ತದೆ, ಕಣ್ಣಿಗೆ ಕಾಣಲ್ಲ. ಸೋಪಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಪರೀಕ್ಷೆ ಮಾಡಿ. ಗಾಜಿನ ಟೀಪಾಯಿಗೆ ನುಣುಪಿನ ಜೊತೆ ಇನ್ನೊಂದು ದೋಷ ಇದೆ. ಅದು ಹಗುರ. ಮೊಣಕಾಲು ತಾಗಿದರೂ ಅಲುಗುತ್ತದೆ.

ಸನ್‌ಮೈಕಾ ಹಾಕಿದ ಮೇಜಿನಲ್ಲಿ ಎರಡು ಜಾತಿ. ಹೊಳೆಯುವ ಸನ್‌ಮೈಕಾ ಗಾಜಿನ ತಮ್ಮ. ಮಂಕು ಸನ್‌ಮೈಕಾ, ಅಂದರೆ ಬೆರಳಾಡಿಸಿದರೆ ಸಣ್ಣಗೆ ತರಿತರಿ ಅನ್ನಿಸುವಂಥದ್ದು, ಗುಡಾರಕ್ಕೂ ಆಗುತ್ತದೆ. ಎಲೆಯ ಕತ್ತರಿಸಿದ ಅಂಚು ಆ ತರಿಗೆ ಸಿಕ್ಕಿಕೊಳ್ಳುತ್ತದೆ. ವಾರ್ನಿಷ್ ಹಾಕದ ಅಥವಾ ವಾರ್ನಿಷ್ ಸವೆದ ಮರ ಇನ್ನೂ ಒಳ್ಳೆಯದು. ಮರದ ಗೆರೆಗಳು ಯಾವ ಕಡೆ ಓಡಿವೆ ನೋಡಿ, ಗುಡಾರದ ಪಾದ ಆ ಗೆರೆಗಳನ್ನು ಅಡ್ಡ ದಾಟಿ ಜಾರಬೇಕಾಗುವಂತೆ ಸಾಲು ಇಡಿ.

ಬಟ್ಟೆ ಹಾಸಿದ ಮೇಜಿನ ಬಗ್ಗೆ ಜನ ಎರಡು ಥರ ಹೇಳುತ್ತಾರೆ, ಇಬ್ಬರ ಮಾತೂ ನಿಜ. ತೆಳು ಹತ್ತಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಮೇಜಿನ ಅಡಿಗೆ ಕ್ಲಿಪ್ಪು ಹಾಕಿದ್ದರೆ ಗುಡಾರಕ್ಕೆ ಅದರಷ್ಟು ಒಳ್ಳೆಯ ಹಿಡಿತ ಸಿಗೋದು ಕಷ್ಟ. ಸುಮ್ನೆ ಹೊದಿಸಿ ಬಿಟ್ಟಿದ್ದರೆ, ಅಂಚಿನಲ್ಲಿ ಯಾರದೋ ಕೈ ಒಂದು ಎಳೆತ ಎಳೆದರೆ ಇಡೀ ಬಡಾವಣೆ ಹೋಯಿತು. ದಪ್ಪ ಟವೆಲ್, ಕಾರ್ಪೆಟ್, ಯೋಗಾ ಮ್ಯಾಟ್ ಯಾವುದೂ ಬೇಡ. ಹಿಡಿತ ಇರುತ್ತದೆ, ಆದರೆ ಎಲೆಯ ಒಂದು ಮೂಲೆ ಒಳಗಿಳಿದು ಇನ್ನೊಂದು ಮೇಲೇ ಉಳಿಯುತ್ತದೆ. ಭಾರ ಏರಿದಂತೆ ಈ ಓರೆ ಹೆಚ್ಚುತ್ತಾ ಹೋಗುತ್ತದೆ. ಚೌಕಕ್ಕಂತೂ ಮೆತ್ತನೆ ನೆಲ ಶತ್ರುವೇ.

ಕೇರಂ ಬೋರ್ಡು ಮಟ್ಟಸವಾಗಿದೆ, ದೊಡ್ಡದಿದೆ ಅಂತ ಅದರ ಮೇಲೆ ಕಟ್ಟಲು ಹೋಗುವವರಿದ್ದಾರೆ. ಪಾನು ಓಡಲಿ ಅಂತಲೇ ನುಣುಪು ಮಾಡಿ, ಮೇಲೆ ಬೋರಿಕ್ ಪುಡಿ ಉಜ್ಜಿದ ಹಲಗೆ ಅದು. ಅದನ್ನು ತಿರುಗಿಸಿ ಹಿಂಬದಿ ನೋಡಿ, ಅಲ್ಲಿ ಬೇಕಾದರೆ ಪ್ರಯತ್ನಿಸಬಹುದು.

ನನ್ನ ಮೊದಲ ಆಯ್ಕೆ ಮಕ್ಕಳ ಪರೀಕ್ಷೆಯ ಪ್ಯಾಡು. ಹಾರ್ಡ್‌ಬೋರ್ಡಿನದ್ದಾದರೆ ಎಷ್ಟೋ ಪ್ಯಾಡುಗಳ ಒಂದು ಮುಖ ನುಣುಪು, ಇನ್ನೊಂದು ಮುಖ ಜಾಲರಿ ಅಚ್ಚಿನ ಒರಟು. ಒರಟು ಮುಖ ಮೇಲೆ ಮಾಡಿ ಮೇಜಿನ ಮೇಲಿಡಿ. ಅಡಿಯಲ್ಲಿ ಬರುವ ಕ್ಲಿಪ್ಪು ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಆದ್ದರಿಂದ ಕ್ಲಿಪ್ಪಿನ ಭಾಗ ಮೇಜಿನ ಅಂಚಿನಿಂದ ಆಚೆ ಬರಲಿ. ಪ್ಯಾಡೇ ಗಾಜಿನ ಮೇಲೆ ಜಾರುವಂತಿದ್ದರೆ ಅಡಿಗೆ ಒಂದು ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ ಹಾಸಿ. ಐದು ಗುಡಾರದ ಸಾಲಿಗೆ ಬೇಕಾದ್ದು 25 ಸೆಂ.ಮೀ. ಉದ್ದ, ಪ್ಯಾಡಿನಲ್ಲಿ ಧಾರಾಳವಾಗಿ ಹಿಡಿಸುತ್ತದೆ.

ಪ್ಯಾಡೂ ಇಲ್ಲದಿದ್ದರೆ

ಗುಡಾರವೇ ಬೇಕು, ಮೇಜು ಗಾಜಿನದೇ ಇದೆ. ಆಗ ನೆಲಕ್ಕೂ ಎಲೆ ಹಾಸಿ. ಎರಡನೇ ಅಂತಸ್ತಿನ ಗುಡಾರ ನಿಲ್ಲುವುದು ಚಾವಣಿ ಎಲೆಯ ಮೇಲೆ, ಅದರ ಎರಡೂ ಪಾದ ಒಂದೇ ಎಲೆಯ ಮೇಲೆ ಇರುತ್ತದೆ. ಒಂದು ಪಾದ ಎಡಕ್ಕೆ ತಳ್ಳುತ್ತದೆ, ಇನ್ನೊಂದು ಬಲಕ್ಕೆ. ಎರಡೂ ಆ ಎಲೆಯಲ್ಲೇ ತೀರಿಹೋಗುತ್ತವೆ, ಕೆಳಗಿನದಕ್ಕೆ ಗೊತ್ತೇ ಆಗಲ್ಲ. ಇದೇ ಉಪಾಯವನ್ನು ಮೊದಲ ಅಂತಸ್ತಿಗೂ ಮಾಡಿ. ಪ್ರತಿ ಗುಡಾರದ ಅಡಿಗೆ ಒಂದು ಎಲೆ ಉದ್ದುದ್ದಕ್ಕೆ ಮಲಗಿಸಿ, ಚಾವಣಿಯ ಹಾಗೇ ಒಂದರ ಮೇಲೊಂದು 4 ಸೆಂ.ಮೀ. ಹತ್ತಿಸಿ. ಗಾಜು ಎಷ್ಟೇ ನುಣುಪಿರಲಿ, ಈಗ ಲೆಕ್ಕಕ್ಕೆ ಬರುವುದು ಎಲೆಯ ಮುಖ ಎಷ್ಟು ಹಿಡಿಯುತ್ತದೆ ಅನ್ನೋದು ಮಾತ್ರ. ಐದು ಅಂತಸ್ತಿಗೆ 40 ಎಲೆ, ನೆಲಕ್ಕೆ 5, ಒಟ್ಟು 45. ಒಂದು ಪ್ಯಾಕಿನಲ್ಲೇ ಮುಗಿಯುತ್ತದೆ.

ಇದಕ್ಕೂ ಮಿತಿ ಇದೆ. ಎಲೆಯೇ ನುಣುಪಾಗಿದ್ದರೆ ಹಾಸಿ ಏನೂ ಬಂದ ಹಾಗಾಗಲಿಲ್ಲ. ಅದಕ್ಕೇ ಅಂತರದ ಪರೀಕ್ಷೆಯನ್ನು ಮೇಜಿನ ಮೇಲೆ ಒಂದು ಸಲ, ಮಲಗಿಸಿದ ಎಲೆಗಳ ಮೇಲೆ ಒಂದು ಸಲ ಮಾಡಿ. ಎರಡನೇ ಪರೀಕ್ಷೆಯ ಸಂಖ್ಯೆ ಮೇಲಿನ ಎಲ್ಲ ಅಂತಸ್ತುಗಳಿಗೂ ಅನ್ವಯಿಸುತ್ತದೆ. ಮೇಜು ಎಷ್ಟೇ ಒರಟಿರಲಿ, ಆ ಸಂಖ್ಯೆಯನ್ನು ದಾಟುವ ಹಾಗಿಲ್ಲ.

ಕಾಗದದ ಎಲೆಯೋ, ಪ್ಲಾಸ್ಟಿಕ್ ಎಲೆಯೋ

ಇಲ್ಲಿ ಜಾಸ್ತಿ ಯೋಚಿಸುವ ಅಗತ್ಯ ಇಲ್ಲ. ನೀರು ಬಿದ್ದರೂ ಒರೆಸಿಡಬಹುದಾದ ಪೂರ್ತಿ ಪ್ಲಾಸ್ಟಿಕ್ ಎಲೆ ರಮ್ಮಿಗೆ ಚೆನ್ನ, ಮನೆ ಕಟ್ಟಲು ಅಲ್ಲ. ಮುಖವೂ ಜಾರು, ಅಂಚೂ ಜಾರು. ಕಾಗದದ ಎಲೆಯ ಮುಖಕ್ಕೆ ಮೆರುಗಿನ ಲೇಪ ಇದ್ದರೂ ಅಂಚು ಕತ್ತರಿಸಿದ ಕಾಗದವೇ ಆಗಿರುವುದರಿಂದ ಹಿಡಿಯುತ್ತದೆ. ಮುಖದ ಮೇಲೆ ಬಟ್ಟೆಯ ನೇಯ್ಗೆಯಂಥ ಸಣ್ಣ ಗುಳಿಗಳಿರುವ ಎಲೆಗಳೂ ಬರುತ್ತವೆ. ಹಂಚುವಾಗ ಎಲೆಯ ಮೇಲೆ ಎಲೆ ಸರಾಗವಾಗಿ ಜಾರಲಿ ಅಂತ ಹಾಗೆ ಮಾಡಿರುತ್ತಾರೆ. ಮುಖಕ್ಕೆ ಮುಖ ಜಾರಿದರೂ ಅಂಚು ಆ ಗುಳಿಗಳ ಮೇಲೆ ಚೆನ್ನಾಗಿಯೇ ನಿಲ್ಲುತ್ತದೆ. ಮನೆಯಲ್ಲಿ ಕೆಲಸ ಮಾಡೋದು ಬಹುತೇಕ ಅಂಚೇ ತಾನೇ.

ಹಳೇ ಪ್ಯಾಕು ಒಳ್ಳೆಯದೋ, ಹೊಸದೋ? ಹಳೆಯದರ ಮೆರುಗು ಸವೆದಿರುತ್ತದೆ, ಹಿಡಿತ ಜಾಸ್ತಿ. ಆದರೆ ಮೂಲೆ ಮೆತ್ತಗಾಗಿರುತ್ತದೆ, ಎಲೆ ಬಾಗಿರುತ್ತದೆ. ಗುಡಾರಕ್ಕೆ ಬಾಗಿದ ಎಲೆ ಆಗದು. ನೆತ್ತಿಯ ಎರಡು ಅಂಚುಗಳು ಪೂರ್ತಿ ಉದ್ದಕ್ಕೂ ತಾಗದೆ ಒಂದೇ ಬಿಂದುವಿನಲ್ಲಿ ತಾಗಿ ತೂಗಾಡುತ್ತವೆ. ಚೌಕಕ್ಕೆ ಸ್ವಲ್ಪ ಬಾಗು ಇದ್ದರೆ ಒಳ್ಳೆಯದೇ. ನೆಟ್ಟಗೆ ನಿಲ್ಲಿಸಿದಾಗ ಮೇಲಿನ ಅಂಚು ಕಮಾನಿನ ಹಾಗೆ ಕಾಣುವಂತೆ ಬಾಗಿರುವ ಎಲೆ ಒಂಟಿಯಾಗಿಯೂ ಅರೆಗಳಿಗೆ ನಿಂತಿರುತ್ತದೆ, ನಾಲ್ಕು ಜೋಡಿಸುವುದು ಸುಲಭ. ನಾಲ್ಕರ ಬಾಗೂ ಒಂದೇ ಕಡೆಗೆ, ಒಳಕ್ಕಾದರೆ ಒಳಕ್ಕೆ, ಇರಲಿ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಕಾಗದದ ಎಲೆ ತೇವ ಕುಡಿದು ಮೆತ್ತಗಾಗುತ್ತದೆ. ಪ್ಯಾಕನ್ನು ಡಬ್ಬಿಯಿಂದ ತೆಗೆದು ಹರಡಿ ಇಟ್ಟರೆ ಒಂದೊಂದೂ ಬೇರೆ ಬೇರೆ ಥರ ಬಾಗುತ್ತದೆ. ಕಟ್ಟುವ ತನಕ ಒತ್ತಿ ಕಟ್ಟಿ, ಮೇಲೊಂದು ದಪ್ಪ ಪುಸ್ತಕ ಹೇರಿ ಇಡಿ.

ಬಿದ್ದ ರೀತಿ ನೋಡಿ ಕಾರಣ ಹಿಡಿಯುವುದು

ಬಿದ್ದ ಕೂಡಲೇ ಎಲೆ ಬಾಚಿಕೊಳ್ಳಬೇಡಿ, ಹೇಗೆ ಬಿತ್ತು ನೋಡಿ. ಗುಡಾರ ಎರಡೂ ಕಡೆಗೆ ಚಪ್ಪಟೆಯಾಗಿ ಹರಡಿದ್ದರೆ ಪಾದ ಜಾರಿದೆ. ಹಾಗೆ ಬೀಳುವ ಮೊದಲು ಸುಳಿವೂ ಸಿಗುತ್ತದೆ. ತುದಿಯ ಗುಡಾರದ ಪಾದ ಒಂದೆರಡು ಮಿ.ಮೀ. ಸರಿದು ನಿಂತು, ಅದರ ಮೇಲಿನ ಚಾವಣಿ ಹೊರಕ್ಕೆ ಸ್ವಲ್ಪ ಇಳಿಜಾರಾಗುತ್ತದೆ. ಆಗ ಮೇಲೆ ಕಟ್ಟುವುದನ್ನು ನಿಲ್ಲಿಸಿ. ಎರಡು ಎಲೆಗಳಲ್ಲಿ ಒಂದು ಇನ್ನೊಂದರ ಬೆನ್ನ ಮೇಲೆ ಮಲಗಿದ್ದರೆ ತಪ್ಪು ನೆತ್ತಿಯಲ್ಲಿದೆ. ಒಂದು ಎಲೆ ಹೆಚ್ಚು ವಾಲಿತ್ತು, ಇನ್ನೊಂದು ಕಡಿಮೆ. ಸಾಲು ಪೂರ್ತಿ ಮುಂದಕ್ಕೋ ಹಿಂದಕ್ಕೋ ಮಲಗಿದ್ದರೆ ಘರ್ಷಣೆಯನ್ನು ಬೈಯಬೇಡಿ. ಮೇಜು ವಾಟವಾಗಿದೆ ಅಥವಾ ಗಾಳಿ ಬಂದಿದೆ. ಗುಡಾರದ ಗೋಪುರಕ್ಕೆ ಆ ದಿಕ್ಕಿನಲ್ಲಿ ಇರುವ ಆಧಾರ ಎಲೆಯ ಅಗಲ, ಅಂದರೆ ಆರು ಸೆಂ.ಮೀ. ಚಿಲ್ಲರೆ ಅಷ್ಟೇ. ಮೇಜಿನ ಮೇಲೆ ಒಂದು ಗೋಲಿ ಇಟ್ಟು ನೋಡಿ, ಉರುಳಿದ ಕಡೆಯ ಕಾಲಿಗೆ ಕಾಗದ ಮಡಿಸಿ ಕೊಡಿ.

ಚೌಕ ಬೀಳುವ ರೀತಿಯೇ ಬೇರೆ. ನಾಲ್ಕು ಗೋಡೆಗಳೂ ಒಂದೇ ಕಡೆಗೆ ತಿರುಗಿಕೊಂಡು ಮಲಗುತ್ತವೆ. ಅಂಚು ತಾಗಿದ್ದು ಮುಂದಿನ ಎಲೆಯ ತೀರಾ ತುದಿಗೆ ಅಂತ ಅರ್ಥ. ತಾಗುವ ಜಾಗವನ್ನು ನಡುವಿನ ಕಡೆಗೆ ಸರಿಸಿ. ಒಂದೇ ಗೋಡೆ ಹೊರಬಿದ್ದಿದ್ದರೆ ಚಾವಣಿ ಇಡುವಾಗ ಕೈ ಮೇಲಿಂದ ಇಳಿಯುವ ಬದಲು ಪಕ್ಕದಿಂದ ತಳ್ಳಿದೆ.

ದೊಡ್ಡದು ಕಟ್ಟುವವರು ಯಾವುದನ್ನು ಆರಿಸುತ್ತಾರೆ ಅಂದರೆ, ಚೌಕವನ್ನೇ. ಅಮೆರಿಕದ ಬ್ರಯಾನ್ ಬರ್ಗ್ 2007ರಲ್ಲಿ ಡಲ್ಲಾಸ್‌ನಲ್ಲಿ 7.86 ಮೀಟರ್ ಎತ್ತರದ ಗೋಪುರ ಕಟ್ಟಿದ್ದು ಇಂಥ ಚೌಕಗಳನ್ನು ಜೇನುಗೂಡಿನಂತೆ ಪಕ್ಕಪಕ್ಕ ಹೆಣೆದು. ಕೋಲ್ಕತ್ತಾದ ಅರ್ಣವ್ ದಾಗಾ 15ನೇ ವಯಸ್ಸಿನಲ್ಲಿ, 41 ದಿನ ಕೂತು ಸುಮಾರು 1,43,000 ಎಲೆಗಳಲ್ಲಿ ತನ್ನ ಊರಿನ ನಾಲ್ಕು ಕಟ್ಟಡಗಳನ್ನು ಕಟ್ಟಿದಾಗಲೂ ನಾಲ್ಕು ಎಲೆಯ ಚೌಕವೇ ಮುಖ್ಯ ಆಧಾರ. ಅಂಟು, ಟೇಪು ಇಬ್ಬರೂ ಮುಟ್ಟಲಿಲ್ಲ. ಆ ಎತ್ತರಕ್ಕೆ ಹೋದರೆ ಹೊರಕ್ಕೆ ತಳ್ಳುವ ಬುಡ ಯಾರಿಗೂ ಬೇಡ.

ಮನೆಯ ಮಟ್ಟಕ್ಕೆ ನಾನು ಹೇಳುವುದು ಹೀಗೆ. ಅಂತರದ ಪರೀಕ್ಷೆಯಲ್ಲಿ 9 ಸೆಂ.ಮೀ. ದಾಟಿದರೆ ಗುಡಾರ ಕಟ್ಟಿ, ಐದು ಅಂತಸ್ತು ಕೈಗೆಟುಕುವ ಮಾತು. 8ರಿಂದ 9ರ ನಡುವೆ ಬಂದರೆ ಮೂರು ಅಂತಸ್ತಿಗೆ ಸಮಾಧಾನಪಟ್ಟುಕೊಳ್ಳಿ, ಇಲ್ಲವೇ ನೆಲಕ್ಕೆ ಎಲೆ ಹಾಸಿ. ಅದಕ್ಕಿಂತ ಕಡಿಮೆ ಬಂದರೆ, ಎಲೆಯ ಮೇಲಿನ ಪರೀಕ್ಷೆಯಲ್ಲೂ ಕಡಿಮೆಯೇ ಬಂದರೆ, ಚೌಕ. ಚಿಕ್ಕ ಮಕ್ಕಳ ಜೊತೆ ಕೂತಿದ್ದರೆ ಪರೀಕ್ಷೆಯೂ ಬೇಡ, ಸೀದಾ ಚೌಕಕ್ಕೆ ಹೋಗಿ. ಮತ್ತೆ, ಫ್ಯಾನ್ ಆಫ್ ಮಾಡಿದ ಕೂಡಲೇ ಶುರು ಮಾಡಬೇಡಿ, ರೆಕ್ಕೆ ಪೂರ್ತಿ ನಿಲ್ಲಲಿ.